ಮುಂಗಡ ಬೇರೆ, ಡಿಪಾಸಿಟ್ ಬೇರೆ: ಮಂಟಪದ ರಸೀದಿ ಹಿಂದಿನ ಷರತ್ತುಗಳು

ಪ್ರಶ್ನೆ: ಸರ್, ಗಂಗಾವತಿಯಲ್ಲಿ ನಮ್ಮದೊಂದು ಕಲ್ಯಾಣ ಮಂಟಪ ಇದೆ. ರಸೀದಿ ಹಿಂದೆ ಒಂದು ಕಡೆ ಇಂಗ್ಲಿಷಿನಲ್ಲಿ, ಒಂದು ಕಡೆ ಕನ್ನಡದಲ್ಲಿ ಷರತ್ತು ಪ್ರಿಂಟ್ ಮಾಡಿಸಿದ್ದೇವೆ. ಹೋದ ತಿಂಗಳು ಒಂದು ಪಾರ್ಟಿಯವರು ರಾತ್ರಿ 10:40ರ ತನಕ ಡಿಜೆ ಹಚ್ಚಿದರು, ಸ್ಟೇಜ್ ಹಿಂದಿನ ಗೋಡೆಗೆ ಮೊಳೆ ಹೊಡೆದರು. ಅವರು ಕರೆತಂದ ಅಡುಗೆಯವರಿಂದ ಗಟಾರ ಕಟ್ಟಿಕೊಂಡಿತು. ನಾವು ಅವರ 25,000 ಡಿಪಾಸಿಟ್ ಪೂರ್ತಿ ಇಟ್ಟುಕೊಂಡೆವು. ‘ಕನ್ನಡದಲ್ಲಿ ಹಂಗೆ ಬರೆದೇ ಇಲ್ಲ, ನೋಟಿಸ್ ಕಳಿಸ್ತೀವಿ’ ಅಂತಿದ್ದಾರೆ. ಹಣ ವಾಪಸ್ ಕೊಡಬೇಕಾ? ಮುಂದೆ ಷರತ್ತು ಹೇಗೆ ಬರೆಸಬೇಕು? ರಸೀದಿ ಮತ್ತು ಬಿಲ್‌ಗಳ ಫೋಟೋ ಕಳಿಸಿದ್ದೇನೆ.

ಉತ್ತರ: ಪೂರ್ತಿ 25,000 ಇಟ್ಟುಕೊಳ್ಳಲು ಬರುವುದಿಲ್ಲ. ನೀವು ಕಳಿಸಿದ ಬಿಲ್‌ಗಳ ಪ್ರಕಾರ ಹೆಚ್ಚೆಂದರೆ 5,200 ರೂಪಾಯಿ ಹಿಡಿದುಕೊಳ್ಳಬಹುದು. ಉಳಿದ 19,800 ರೂಪಾಯಿ ಕೊಟ್ಟುಬಿಡಿ, ನೋಟಿಸ್ ಬರುವ ಮೊದಲೇ ಕೊಡಿ.

ನಿಮ್ಮ ರಸೀದಿಯನ್ನು ಎರಡು ಸಲ ಓದಿದೆ. ಇಂಗ್ಲಿಷ್ ಕಡೆ, ಯಾವುದೇ ಷರತ್ತು ಮುರಿದರೂ ‘ಕಾಷನ್ ಡಿಪಾಸಿಟ್ ಶಲ್ ಬಿ ಫಾರ್ಫೀಟೆಡ್’ ಎಂದಿದೆ. ಅಂದರೆ ಇಟ್ಟ ಹಣ ಪೂರ್ತಿ ಹೋಯಿತು ಎಂದು ಅರ್ಥ. ಕನ್ನಡದ ಕಡೆ ಇರುವುದು ಇಷ್ಟೇ: ‘ಮುಂಗಡ ಹಣ ಹಿಂತಿರುಗಿಸಲಾಗುವುದಿಲ್ಲ. ಹಾನಿಯಾದರೆ ದಂಡ ವಿಧಿಸಲಾಗುವುದು.’ ಡಿಪಾಸಿಟ್ ಎಂಬ ಮಾತೇ ಕನ್ನಡದಲ್ಲಿ ಇಲ್ಲ. ನಿಮ್ಮ ಪಾರ್ಟಿಯವರು ಹೇಳುತ್ತಿರುವುದು ನಿಜ.

ನಮ್ಮ ಕಡೆಯ ಮಂಟಪಗಳ ಅರ್ಧ ಜಗಳ ‘ಮುಂಗಡ’ ಎಂಬ ಈ ಒಂದು ಶಬ್ದದಿಂದ ಹುಟ್ಟುತ್ತದೆ. ನಾವು ತಾರೀಖು ಹಿಡಿಯಲು ಕೊಡುವುದಕ್ಕೂ ಅಡ್ವಾನ್ಸ್ ಎನ್ನುತ್ತೇವೆ, ಬಾಡಿಗೆ ಮನೆಗೆ ಇಡುವ ಡಿಪಾಸಿಟ್‌ಗೂ ಅಡ್ವಾನ್ಸ್ ಎನ್ನುತ್ತೇವೆ. ಪ್ರೆಸ್‌ನವರು ಎರಡಕ್ಕೂ ‘ಮುಂಗಡ’ ಎಂದು ಅಚ್ಚು ಹಾಕಿಬಿಡುತ್ತಾರೆ. ಆದರೆ ಎರಡೂ ಬೇರೆ ಹಣ. ಮುಂಗಡ ಬಾಡಿಗೆಯ ಒಂದು ಭಾಗ, ಅದು ನಿಮ್ಮದಾಗುತ್ತದೆ. ಡಿಪಾಸಿಟ್ ಅವರದೇ ಹಣ, ನಿಮ್ಮ ಹತ್ತಿರ ಸುಮ್ನೆ ಕೂತಿರುತ್ತದೆ. ಜಿಎಸ್‌ಟಿ ಕಾನೂನು ಕೂಡ ಹೀಗೇ ನೋಡುತ್ತದೆ. ಡಿಪಾಸಿಟ್ಟನ್ನು ಬಾಡಿಗೆಗೋ ಬಾಕಿಗೋ ಮುರಿದುಕೊಳ್ಳುವ ತನಕ ಅದು ನಿಮಗೆ ಬಂದ ಪ್ರತಿಫಲ ಅಲ್ಲ. ಹಾಗಾಗಿ ರಸೀದಿಯಲ್ಲಿ ಎರಡಕ್ಕೂ ಬೇರೆ ಬೇರೆ ಸಾಲು ಇರಬೇಕು. ಆಗುವುದಾದರೆ ಬೇರೆ ರಸೀದಿಯನ್ನೇ ಕೊಡಿ.

ಈಗ 5,200ರ ಲೆಕ್ಕ. ಗೋಡೆಗೆ ಲಪ್ಪ ಹಾಕಿ ಆ ಒಂದು ಗೋಡೆಗೆ ಬಣ್ಣ ಹೊಡೆದಿದ್ದಕ್ಕೆ ಪೇಂಟರ್ ಬಿಲ್ 3,400. ಗಟಾರ ತೆಗೆಸಿದ್ದಕ್ಕೆ 1,800. ಇಷ್ಟೇ ನಿಮ್ಮ ಕೈಯಿಂದ ಹೋದ ಹಣ. ‘ಹೆಚ್ಚುವರಿ ಸ್ವಚ್ಛತೆ’ ಅಂತ ನೀವು ಬರೆದಿರುವ 2,000 ಸೇರಿಸಬೇಡಿ. ಬಾಡಿಗೆ ಬಿಲ್‌ನಲ್ಲಿ ಸ್ವಚ್ಛತೆಗೆ ಆಗಲೇ ಹಣ ತೆಗೆದುಕೊಂಡಿದ್ದೀರಿ, ಒಂದೇ ಕೆಲಸಕ್ಕೆ ಎರಡು ಸಲ ಆಗುತ್ತದೆ. ಡಿಜೆ 40 ನಿಮಿಷ ಜಾಸ್ತಿ ಹಾಡಿದ್ದು ತಪ್ಪು, ಒಪ್ಪುತ್ತೇನೆ. ಆದರೆ ಅದರಿಂದ ನಿಮಗೆ ಎಷ್ಟು ರೂಪಾಯಿ ನಷ್ಟವಾಯಿತು? ಪೊಲೀಸರು ಬರಲಿಲ್ಲ, ಕೇಸ್ ಆಗಲಿಲ್ಲ, ಕರೆಂಟಿನ ಹಣ ಮೀಟರ್ ಪ್ರಕಾರ ಬಂದಿದೆ. ಹಾಗಾದರೆ ಆ ಬಾಬತ್ತಿಗೆ ಸೊನ್ನೆ.

‘ಇಂಗ್ಲಿಷಿನಲ್ಲಿ ಬರೆದು ಸಹಿ ಹಾಕಿಸಿಕೊಂಡಿದ್ದೇವಲ್ಲ’ ಎಂದು ನೀವು ಕೇಳಬಹುದು. ಬರೆದರೂ ಅಷ್ಟೇ. 1872ರ ಕರಾರು ಕಾಯ್ದೆಯ 74ನೇ ಕಲಂ ಪ್ರಕಾರ, ಕರಾರಿನಲ್ಲಿ ಬರೆದ ಮೊತ್ತ ಒಂದು ಮೇಲ್ಮಿತಿ. ಅದರೊಳಗೆ ನ್ಯಾಯವಾದ ಪರಿಹಾರ ಎಷ್ಟೋ ಅಷ್ಟೇ ಸಿಗುವುದು. ಠೇವಣಿ ಮುಟ್ಟುಗೋಲು ಹಾಕಿಕೊಳ್ಳುವುದಕ್ಕೂ ಇದೇ ಮಾತು ಅನ್ವಯಿಸುತ್ತದೆ, ನಷ್ಟವನ್ನು ಲೆಕ್ಕ ಹಾಕಿ ತೋರಿಸಲು ಆಗುವ ಕಡೆ ತೋರಿಸಲೇಬೇಕು ಎಂದು ಸುಪ್ರೀಂ ಕೋರ್ಟ್ 2015ರಲ್ಲಿ ಒಂದು ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ. 2019ರ ಗ್ರಾಹಕ ರಕ್ಷಣಾ ಕಾಯ್ದೆಯಂತೂ ಇನ್ನೂ ನೇರವಾಗಿದೆ. ಮಿತಿಮೀರಿದ ಡಿಪಾಸಿಟ್ ಕೇಳುವುದು, ಆದ ನಷ್ಟಕ್ಕೆ ಏನೇನೂ ಹೊಂದದ ದಂಡ ಹಾಕುವುದು, ಇವೆರಡನ್ನೂ ಅದು ಅನ್ಯಾಯದ ಕರಾರು ಎಂದು ಹೆಸರಿಟ್ಟು ಹೇಳುತ್ತದೆ. ಆದ್ದರಿಂದ ‘ದಂಡ’ ಎಂಬ ಪದವನ್ನೇ ರಸೀದಿಯಿಂದ ತೆಗೆಯಿರಿ. ದಂಡ ಹಾಕುವ ಅಧಿಕಾರ ಮಂಟಪದವರಿಗೆ ಇಲ್ಲ. ನಮಗೆ ಇರುವುದು ಖರ್ಚು ವಸೂಲಿ ಮಾಡುವ ಹಕ್ಕು ಮಾತ್ರ.

ಡಿಪಾಸಿಟ್ ಷರತ್ತನ್ನು ನಾನು ಹೀಗೆ ಬರೆದುಕೊಡುತ್ತೇನೆ:

> ಹಾನಿ ಡಿಪಾಸಿಟ್ 25,000 ರೂಪಾಯಿ. ಇದು ಬಾಡಿಗೆಯೂ ಅಲ್ಲ, ಮುಂಗಡವೂ ಅಲ್ಲ. ಕೀಲಿ ವಾಪಸ್ ಕೊಟ್ಟ ದಿನದಿಂದ 7 ದಿನದೊಳಗೆ ಇದನ್ನು ಹಿಂದಿರುಗಿಸುತ್ತೇವೆ. ಹಾನಿ ಆಗಿದ್ದರೆ ರಿಪೇರಿಗೆ ನಿಜವಾಗಿ ಆದ ಖರ್ಚನ್ನು ಮಾತ್ರ, ಬಿಲ್ ಕೊಟ್ಟು, ಕಳೆಯುತ್ತೇವೆ. ಬಳಕೆಯಿಂದ ಸಹಜವಾಗಿ ಆಗುವ ಸವೆತಕ್ಕೆ ಹಣ ಹಿಡಿಯುವುದಿಲ್ಲ.

ಇದಕ್ಕೆ ಜೋಡಿ ಇಂಗ್ಲಿಷ್ ಸಾಲು ಓದುವ ರೀತಿಯಲ್ಲೇ ಕೊಡುತ್ತೇನೆ, ಅಚ್ಚಿನಲ್ಲಿ ಇಂಗ್ಲಿಷ್ ಅಕ್ಷರ ಹಾಕಿಸಿ:

> ಡ್ಯಾಮೇಜ್ ಡಿಪಾಸಿಟ್: ರುಪೀಸ್ 25,000. ದಿಸ್ ಈಸ್ ನೈದರ್ ರೆಂಟ್ ನಾರ್ ಅಡ್ವಾನ್ಸ್. ವಿ ಶಲ್ ರಿಫಂಡ್ ಇಟ್ ವಿದಿನ್ 7 ಡೇಸ್ ಆಫ್ ರಿಟರ್ನ್ ಆಫ್ ಕೀಸ್. ಇಫ್ ದೇರ್ ಈಸ್ ಡ್ಯಾಮೇಜ್, ವಿ ಶಲ್ ಡಿಡಕ್ಟ್ ಓನ್ಲಿ ದಿ ಆಕ್ಚುಯಲ್ ಕಾಸ್ಟ್ ಆಫ್ ರಿಪೇರ್, ಅಗೇನ್ಸ್ಟ್ ಬಿಲ್ಸ್. ನೋ ಡಿಡಕ್ಷನ್ ಫಾರ್ ಆರ್ಡಿನರಿ ವೇರ್ ಅಂಡ್ ಟೇರ್.

ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಕನ್ನಡದಲ್ಲಿ ಐದು ವಾಕ್ಯ, ಇಂಗ್ಲಿಷಿನಲ್ಲೂ ಐದು. ಒಂದರಲ್ಲಿ ಇರುವ ಅಂಕಿ ಇನ್ನೊಂದರಲ್ಲೂ ಇದೆ. ನಾನು ಯಾವಾಗಲೂ ಹೀಗೇ ತಾಳೆ ನೋಡುವುದು: ಮೊದಲು ಅಂಕಿ, ಆಮೇಲೆ ‘ಮಾತ್ರ’, ‘ಇಲ್ಲ’, ‘ಒಳಗೆ’ ಎಂಬ ಸಣ್ಣ ಪದಗಳು. ಜಗಳ ಬರುವುದು ಆ ಸಣ್ಣ ಪದಗಳಲ್ಲೇ. ಕನ್ನಡವನ್ನು ಮೊದಲು ಬರೆಯಿರಿ, ಅದನ್ನು ನೋಡಿಕೊಂಡು ಇಂಗ್ಲಿಷ್ ಮಾಡಿಸಿ. ಹೆಚ್ಚಿನ ಮಂಟಪದವರು ಯಾವುದೋ ದೊಡ್ಡ ಊರಿನ ಹೋಟೆಲಿನ ಇಂಗ್ಲಿಷ್ ಷರತ್ತು ತಂದು ಕನ್ನಡ ಮಾಡಿಸುತ್ತಾರೆ, ಅದಕ್ಕೇ ನಿಮ್ಮ ರಸೀದಿಯ ಹಾಗೆ ಆಗುವುದು.

ಆದರೆ ಎಷ್ಟು ಚೆನ್ನಾಗಿ ಬರೆದರೂ ಕೀಲಿ ಕೊಡುವಾಗಿನ ಹತ್ತು ನಿಮಿಷ ತಪ್ಪಿಸಿದರೆ ಡಿಪಾಸಿಟ್ ಷರತ್ತು ನಿಲ್ಲುವುದಿಲ್ಲ. ನನ್ನ ತಂಗಿಯ ಮಗಳ ಮದುವೆ ರಾಯಚೂರಿನ ಒಂದು ಮಂಟಪದಲ್ಲಿ ಆಯಿತು. ಮಾರನೇ ದಿನ ಮ್ಯಾನೇಜರ್ ವಧುವಿನ ಕೋಣೆಯ ಕನ್ನಡಿ ಒಡೆದಿದೆ ಎಂದು 6,000 ಹಿಡಿದ. ಕನ್ನಡಿ ಒಡೆದಿದ್ದು ನಿಜ. ಆದರೆ ನಾವು ಕೀಲಿ ತಗೊಂಡ ಸಂಜೆಯೇ ಹುಡುಗಿ ಅಲಂಕಾರ ಮಾಡಿಕೊಳ್ಳುವಾಗ ತೆಗೆದ ಫೋಟೋದಲ್ಲಿ ಆ ಬಿರುಕು ಕಾಣುತ್ತಿತ್ತು. ಬಿರುಕಿಗೆ ಹಚ್ಚಿದ ಟೇಪಿನ ಮೇಲೆ ಧೂಳು ಕೂತಿತ್ತು. ಆ ಫೋಟೋ ಇಲ್ಲದಿದ್ದರೆ ನಮ್ಮ ಹಣ ಹೋಗುತ್ತಿತ್ತು. ಬಳ್ಳಾರಿಯಲ್ಲಿ ಮಂಟಪ ನೋಡಿಕೊಂಡಿದ್ದಷ್ಟು ವರ್ಷ ನಾನೂ ಮೇಜಿನ ಆ ಕಡೆ ಕೂತವನೇ. ಅವತ್ತು ಈ ಕಡೆ ನಿಂತು ನೋಡಿದೆ.

ಹಾಗಾಗಿ ಕೀಲಿ ಕೊಡುವಾಗ ಪಾರ್ಟಿಯ ಕಡೆಯ ಒಬ್ಬರನ್ನು ಕರೆದುಕೊಂಡು ಮೊಬೈಲಿನಲ್ಲಿ ವಿಡಿಯೋ ಮಾಡುತ್ತಾ ಒಂದು ಸುತ್ತು ಹಾಕಿ. ಸ್ಟೇಜ್ ಗೋಡೆ, ಕೋಣೆಯ ಕನ್ನಡಿ, ನಲ್ಲಿಗಳು, ಕಮೋಡಿನ ಮುಚ್ಚಳ, ಅಡುಗೆಮನೆಯ ಗಟಾರದ ಜಾಲರಿ. ಕುರ್ಚಿ ಮತ್ತು ಪಾತ್ರೆ ಎಣಿಸಿ ಹಾಳೆಯಲ್ಲಿ ಬರೆಯಿರಿ, ಒಂದು ಕುರ್ಚಿ ಹೋದರೆ ಎಷ್ಟು, ಒಂದು ಕೊಳಗ ಹೋದರೆ ಎಷ್ಟು ಎಂದು ಅವತ್ತೇ ಬರೆಯಿರಿ. ಇಬ್ಬರೂ ಸಹಿ ಹಾಕಿ. ವಾಪಸ್ ತಗೊಳ್ಳುವಾಗ ಅದೇ ಹಾದಿಯಲ್ಲಿ ಅದೇ ಸುತ್ತು. ನಿಮ್ಮ ಈ ಪಾರ್ಟಿಯ ವಿಷಯದಲ್ಲಿ ಮೊದಲಿನ ಫೋಟೋ ಇಲ್ಲ ಎಂದು ಬರೆದಿದ್ದೀರಿ. ಗೋಡೆಯಲ್ಲಿ 14 ತೂತು ಇವೆ, ಅದರಲ್ಲಿ ಹಿಂದಿನ ಪಾರ್ಟಿಯದು ಎಷ್ಟು ಎಂದು ಅವರು ಕೇಳಿದರೆ ನಿಮ್ಮ ಹತ್ತಿರ ಉತ್ತರ ಇಲ್ಲ. ಅದಕ್ಕೇ 5,200 ‘ಹೆಚ್ಚೆಂದರೆ’ ಎಂದೆ. ಅವರು 3,400ರಲ್ಲಿ ಚೌಕಾಸಿ ಮಾಡಿದರೆ ಹಟ ಹಿಡಿಯಬೇಡಿ.

ಇನ್ನು ಡಿಜೆ ವಿಷಯ. ಡಿಪಾಸಿಟ್ಟಿನಿಂದ ಇದನ್ನು ತಡೆಯಲು ಆಗುವುದಿಲ್ಲ. ಬೇರೆಯೇ ದಾರಿ ಬೇಕು.

2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ ಎಂದರೆ 10ರಿಂದ ಬೆಳಿಗ್ಗೆ 6. ಆ ಹೊತ್ತಿನಲ್ಲಿ ಧ್ವನಿವರ್ಧಕವೂ ಇಲ್ಲ, ವಾದ್ಯವೂ ಇಲ್ಲ. ಮುಚ್ಚಿದ ಸಭಾಂಗಣದ ಒಳಗೆ, ಒಳಗಿನವರಿಗಷ್ಟೇ ಕೇಳುವಂತೆ ಬಳಸಲು ಮಾತ್ರ ವಿನಾಯಿತಿ ಇದೆ. ‘ನಮ್ಮದು ಮುಚ್ಚಿದ ಹಾಲ್, ಡಿಜೆ ನಡೀತದೆ’ ಎಂದು ಕೆಲವರು ಇದನ್ನೇ ಹಿಡಿದು ವಾದಿಸುತ್ತಾರೆ. ನಡೆಯುವುದಿಲ್ಲ. ಖಾಸಗಿ ಜಾಗದ ಸದ್ದು ಅದರ ಕಾಂಪೌಂಡಿನ ಅಂಚಿನಲ್ಲಿ ಆ ಪ್ರದೇಶದ ಮಿತಿಗಿಂತ 5 ಡೆಸಿಬಲ್‌ಗಿಂತ ಜಾಸ್ತಿ ಇರಬಾರದು. ಮನೆಗಳಿರುವ ಪ್ರದೇಶಕ್ಕೆ ರಾತ್ರಿಯ ಮಿತಿ 45, ಅಂದರೆ ನಿಮಗೆ 50. ಇಬ್ಬರು ಎದುರುಬದುರು ಕೂತು ಮಾತಾಡುವ ಸದ್ದೇ ಸುಮಾರು 60 ಇರುತ್ತದೆ. ಇನ್ನು ಡಿಜೆ ಬಾಸ್ ಎಲ್ಲಿ ಕೂಡುತ್ತದೆ? ಊಟದ ಹಾಲ್‌ಗೆ ತಗಡಿನ ಮೇಲ್ಛಾವಣಿ ಇದ್ದು ಬದಿಗಳು ತೆರೆದಿದ್ದರೆ ಅದನ್ನು ಮುಚ್ಚಿದ ಜಾಗ ಎನ್ನಲೂ ಬರುವುದಿಲ್ಲ. ‘ರಾತ್ರಿ 12ರ ತನಕ ಪರ್ಮಿಶನ್ ಇರುತ್ತೆ’ ಎಂದು ಯಾರಾದರೂ ಹೇಳಿದರೆ, ಅದು ಸರ್ಕಾರ ಸಾಂಸ್ಕೃತಿಕ ಅಥವಾ ಧಾರ್ಮಿಕ ಹಬ್ಬಗಳಿಗೆ ವರ್ಷಕ್ಕೆ ಒಟ್ಟು 15 ದಿನ ಮೀರದಂತೆ ಕೊಡುವ ಸಡಿಲಿಕೆ. ಒಬ್ಬರ ಮನೆಯ ಆರತಕ್ಷತೆಗೆ ಅದು ಬರುವುದಿಲ್ಲ.

ಬೆಳಗಿನ 6ನ್ನು ಎಲ್ಲರೂ ಮರೆಯುತ್ತಾರೆ. ನಸುಕಿನ ಮುಹೂರ್ತ ಇದ್ದರೆ ಓಲಗ ನಾಲ್ಕೂವರೆಗೆ ಶುರುವಾಗುತ್ತದೆ. ಕಾನೂನಿನ ಲೆಕ್ಕದಲ್ಲಿ ಅದೂ ರಾತ್ರಿಯೇ. ಬಾಗಿಲು ಹಾಕಿಕೊಂಡು, ಹೊರಗಿನ ಮೈಕಿಗೆ ಜೋಡಿಸದೆ ಬಾರಿಸಿದರೆ ಯಾರೂ ದೂರು ಕೊಡುವುದಿಲ್ಲ. ಗೇಟಿನ ಮೇಲಿನ ಹಾರ್ನ್‌ಗೆ ಜೋಡಿಸಿದರೆ ಪಕ್ಕದ ಮನೆಯವರು 112ಕ್ಕೆ ಹಚ್ಚುತ್ತಾರೆ. ಇದನ್ನು ಷರತ್ತಿನಲ್ಲಿ ಬರೆಯಿರಿ.

ಪದದ ವಿಷಯದಲ್ಲಿ ಇಲ್ಲೂ ನಿಮ್ಮ ರಸೀದಿ ಸೋತಿದೆ. ಇಂಗ್ಲಿಷಿನಲ್ಲಿ ‘ಮ್ಯೂಸಿಕ್’ ಎಂದಿದೆ, ಕನ್ನಡದಲ್ಲಿ ‘ಸಂಗೀತ ಕಾರ್ಯಕ್ರಮ’. ಡೊಳ್ಳು, ಹಲಗಿ, ಬ್ಯಾಂಡ್ ತಂದವರು ‘ಇದು ಸಂಗೀತ ಕಾರ್ಯಕ್ರಮ ಅಲ್ರಿ’ ಎನ್ನುತ್ತಾರೆ. ಎಲ್ಲದರ ಹೆಸರು ಹಾಕಿ:

> ಮೈಕ್, ಡಿಜೆ, ಬ್ಯಾಂಡ್, ಡೊಳ್ಳು, ಹಲಗಿ ಎಲ್ಲವನ್ನೂ ರಾತ್ರಿ 9:45ಕ್ಕೆ ನಿಲ್ಲಿಸಬೇಕು. 9:45ಕ್ಕೆ ಸ್ಟೇಜಿನ ಸೌಂಡ್ ಲೈನನ್ನು ನಾವು ಬಂದ್ ಮಾಡುತ್ತೇವೆ. ಹೊರಗಿನ ಜನರೇಟರಿನಿಂದ ಸೌಂಡ್ ನಡೆಸುವಂತಿಲ್ಲ. ಬೆಳಿಗ್ಗೆ 6ರ ಮೊದಲು ವಾದ್ಯ ಹಾಲ್ ಒಳಗೆ ಮಾತ್ರ, ಬಾಗಿಲು ಮುಚ್ಚಿ, ಮೈಕ್ ಇಲ್ಲದೆ.

> ಮೈಕ್ಸ್, ಡಿಜೆ, ಬ್ಯಾಂಡ್ ಅಂಡ್ ಆಲ್ ಡ್ರಮ್ಸ್ ಶಲ್ ಸ್ಟಾಪ್ ಅಟ್ 9:45 ಪಿಎಂ. ಅಟ್ 9:45 ಪಿಎಂ ವಿ ಶಲ್ ಸ್ವಿಚ್ ಆಫ್ ದಿ ಸ್ಟೇಜ್ ಸೌಂಡ್ ಲೈನ್. ನೋ ಸೌಂಡ್ ಫ್ರಮ್ ಔಟ್‌ಸೈಡ್ ಜನರೇಟರ್ಸ್. ಬಿಫೋರ್ 6 ಎಎಂ, ಇನ್‌ಸ್ಟ್ರುಮೆಂಟ್ಸ್ ಓನ್ಲಿ ಇನ್‌ಸೈಡ್ ದಿ ಹಾಲ್, ಡೋರ್ಸ್ ಕ್ಲೋಸ್ಡ್, ವಿದೌಟ್ ಮೈಕ್.

10ಕ್ಕೆ ಎಂದು ಬರೆದರೆ 10ಕ್ಕೆ ‘ಇದೊಂದೇ ಲಾಸ್ಟ್ ಹಾಡು’ ಶುರುವಾಗುತ್ತದೆ. ಆ ಹದಿನೈದು ನಿಮಿಷ ಅದಕ್ಕೇ ಬಿಟ್ಟಿರುವುದು. ಸೌಂಡ್ ಲೈನ್ ಬಂದ್ ಮಾಡಬೇಕಾದರೆ ಸ್ಟೇಜಿನ ಸೌಂಡ್ ಪಾಯಿಂಟ್‌ಗಳಿಗೆ ಪ್ರತ್ಯೇಕ ಎಂಸಿಬಿ ಹಾಕಿಸಿ, ಎಲೆಕ್ಟ್ರಿಷಿಯನ್ನಿಗೆ ಅರ್ಧ ದಿನದ ಕೆಲಸ. ಇಲ್ಲದಿದ್ದರೆ ಸದ್ದು ನಿಲ್ಲಿಸಲು ಹೋಗಿ ದೀಪ, ಫ್ಯಾನ್ ಎಲ್ಲ ಆರಿಸಬೇಕಾಗುತ್ತದೆ, ಊಟಕ್ಕೆ ಕೂತ ಹಿರಿಯರು ಕತ್ತಲಲ್ಲಿ ಕೂರುತ್ತಾರೆ. ಆ ತಪ್ಪು ಒಮ್ಮೆ ನಾನೇ ಮಾಡಿ ಬೀಗರ ಮುಂದೆ ಕೈ ಮುಗಿದಿದ್ದೇನೆ. ಮತ್ತೆ, ‘10ರ ನಂತರ ಗಂಟೆಗೆ ಇಷ್ಟು ಎಕ್ಸ್‌ಟ್ರಾ’ ಎಂದು ಕೆಲವು ಮಂಟಪದವರು ಅಚ್ಚು ಹಾಕಿಸುತ್ತಾರೆ. ದಯವಿಟ್ಟು ಬೇಡ. ಕಾನೂನು ಮುರಿಯುವುದನ್ನು ಮಾರಿದ್ದಕ್ಕೆ ನೀವೇ ರಸೀದಿ ಕೊಟ್ಟ ಹಾಗಾಗುತ್ತದೆ.

ಅಲಂಕಾರಕ್ಕೆ ಬರೋಣ. ‘ಗೋಡೆಗೆ ಹಾನಿ ಮಾಡಬಾರದು’ ಎಂದರೆ ಡೆಕೋರೇಷನ್ ಹುಡುಗನಿಗೆ ಏನೂ ತಿಳಿಯುವುದಿಲ್ಲ. ಮೊಳೆ ಇಲ್ಲ, ಡಬಲ್ ಟೇಪ್ ಇಲ್ಲ, ಗೋಡೆಗೆ ಗೋಂದು ಇಲ್ಲ ಎಂದು ಹೆಸರು ಹಿಡಿದು ಬರೆಯಿರಿ. ಅದರ ಜತೆ ಅವರು ಎಲ್ಲಿ ಕಟ್ಟಬೇಕು ಎಂಬುದನ್ನೂ ನೀವೇ ಕೊಡಬೇಕು. ಸ್ಟೇಜ್ ಗೋಡೆಯ ಉದ್ದಕ್ಕೂ ಎತ್ತರದಲ್ಲಿ ಒಂದು ಕಬ್ಬಿಣದ ಪೈಪ್ ಹಾಕಿಸಿದರೆ ಮೊಳೆ ಹೊಡೆಯುವವರೇ ಕಡಿಮೆಯಾಗುತ್ತಾರೆ. ಹಂದರಗಂಬದ ಮಾತೂ ಇದೇ. ಅದನ್ನು ನೆಡಬೇಡಿ ಎಂದು ಯಾವ ಮನೆಯವರಿಗೂ ಹೇಳಲಾಗುವುದಿಲ್ಲ, ಹೇಳಲೂಬಾರದು. ಆದರೆ ಅಂಗಳದ ಕಲ್ಲು ಕಿತ್ತು ಗುಂಡಿ ತೆಗೆಯುತ್ತಾರೆ. ಬಾಗಿಲ ಹತ್ತಿರ ನೆಲದಲ್ಲಿ ಒಂದು ಕಬ್ಬಿಣದ ಕೊಳವೆ ಹುಗಿದು ಮುಚ್ಚಳ ಹಾಕಿಸಿ, ‘ಹಂದರಗಂಬ ಇಲ್ಲಿ ಮಾತ್ರ’ ಎಂದು ಷರತ್ತಿನಲ್ಲಿ ಬರೆಯಿರಿ. ಇದಕ್ಕೆ ಇಂಗ್ಲಿಷಿನಲ್ಲಿ ಸರಿಯಾದ ಶಬ್ದ ಇಲ್ಲ. ‘ಹಂದರ ಪೋಲ್’ ಎಂದೇ ಬರೆಯಿರಿ, ಸಾಕು. ಬಾಳೆಕಂಬದ ರಸ ಕಲ್ಲಿಗೆ ಇಳಿದರೆ ಕರೆ ಹೋಗುವುದಿಲ್ಲ, ಬುಡಕ್ಕೆ ಬಕೆಟ್ ಇಡಿಸಿ. ಇನ್ನೊಂದು: ಅಲಂಕಾರದ ಥರ್ಮಾಕೋಲ್ 2022ರ ಜುಲೈ 1ರಿಂದ ದೇಶದಲ್ಲೇ ನಿಷೇಧ. ಸ್ಟೇಜಿಗೆ ಹೆಸರು ಕೆತ್ತಿದ ಥರ್ಮಾಕೋಲ್ ಬೋರ್ಡ್ ತಂದರೆ ಬಾಗಿಲಲ್ಲೇ ವಾಪಸ್ ಕಳಿಸುವ ಹಕ್ಕು ನಿಮಗಿದೆ ಎಂದು ಬರೆದಿರಲಿ.

ಅಡುಗೆಯವರ ಷರತ್ತಿನಲ್ಲಿ ನಿಮ್ಮ ಇಂಗ್ಲಿಷ್ ‘ಔಟ್‌ಸೈಡ್ ಕೇಟರರ್ಸ್ ನಾಟ್ ಅಲೌಡ್’ ಎನ್ನುತ್ತದೆ, ಕನ್ನಡ ‘ಅಡುಗೆಯವರು ಮುಂಚಿತವಾಗಿ ತಿಳಿಸಬೇಕು’ ಎನ್ನುತ್ತದೆ. ಒಂದು ಬೇಡ ಎನ್ನುತ್ತದೆ, ಇನ್ನೊಂದು ಬನ್ನಿ ಎನ್ನುತ್ತದೆ. ಹೀಗೆ ಎರಡು ಅರ್ಥ ಬಂದಾಗ, ಬರೆದವರ ವಿರುದ್ಧವಾಗಿಯೇ ಓದುವುದು ಕೋರ್ಟಿನ ರೂಢಿ. ಮೊದಲು ನೀವೇ ತೀರ್ಮಾನ ಮಾಡಿ. ನಮ್ಮ ಕಡೆ ಅರ್ಧಕ್ಕರ್ಧ ಮನೆಯವರು ದಿನಸಿ ತಾವೇ ತಂದು, ತಮ್ಮ ಊರಿನ ಅಡುಗೆಯವರನ್ನು ಕರೆಸಿ ಗೋಧಿ ಹುಗ್ಗಿ ಮಾಡಿಸುತ್ತಾರೆ. ರೊಟ್ಟಿಗೆ ಓಣಿಯ ಹೆಣ್ಣುಮಕ್ಕಳೇ ಬರುತ್ತಾರೆ. ಅವರು ಕೇಟರರ್ ಅಲ್ಲ. ಮಂಟಪ ಬೇಕಾದರೆ ನಮ್ಮ ಅಡುಗೆಯವರನ್ನೇ ತಗೊಳ್ಳಬೇಕು ಎಂದು ಕಟ್ಟಿಹಾಕಿದರೆ, 2019ರ ಕಾಯ್ದೆಯಲ್ಲಿ ಅದಕ್ಕೆ ನಿರ್ಬಂಧಕ ವ್ಯಾಪಾರ ಪದ್ಧತಿ ಎಂಬ ಹೆಸರಿದೆ. ಬಿಡುವುದೇ ಒಳ್ಳೆಯದು. ಹೊರಗಿನವರಿಗೆ ಅಡುಗೆಮನೆ ಬಳಕೆಯ ಶುಲ್ಕ ಇದ್ದರೆ ಬುಕಿಂಗ್ ದಿನವೇ ರಸೀದಿಯಲ್ಲಿ ಮೊತ್ತ ಬರೆಯಿರಿ, ಮದುವೆ ದಿನ ಕೇಳಬೇಡಿ.

ಬರುವವರು ಗುತ್ತಿಗೆ ಕೇಟರರ್ ಆದರೆ ಅವರ ಎಫ್‌ಎಸ್‌ಎಸ್‌ಎಐ ನಂಬರ್ ಕೇಳಿ, 14 ಅಂಕಿ ಇರುತ್ತದೆ. ಗ್ಯಾಸ್ ಯಾರೇ ತಂದರೂ 19 ಕೆಜಿಯ ಕಮರ್ಷಿಯಲ್ ಸಿಲಿಂಡರ್ ಮಾತ್ರ, ಮನೆಯ ಕೆಂಪು ಸಿಲಿಂಡರ್ ಬೇಡ. ಒಂದು ಜಾಗದಲ್ಲಿ ಲೈಸೆನ್ಸ್ ಇಲ್ಲದೆ 100 ಕೆಜಿಗಿಂತ ಜಾಸ್ತಿ ಗ್ಯಾಸ್ ಇಡುವಂತಿಲ್ಲ, ಅಂದರೆ 19 ಕೆಜಿಯವು ಐದು, ಆರನೆಯದು ಇಲ್ಲ. ಕಟ್ಟಿಗೆ ಒಲೆ ಹೂಡುವವರಿಗೆ ಹಿಂದುಗಡೆ ಮರಳು ಹಾಸಿದ ಒಂದು ಜಾಗ ತೋರಿಸಿ, ಸಿಮೆಂಟ್ ನೆಲದ ಮೇಲೆ ಹೂಡಿದರೆ ಬಿರಿಯುತ್ತದೆ. ಗಟಾರ ಕಟ್ಟುವುದು ಅನ್ನ, ಹುಗ್ಗಿ ತೊಳೆದ ನೀರಿನಿಂದ ಮತ್ತು ಕರಿದ ಎಣ್ಣೆಯಿಂದ. ಜಾಲರಿ ತೆಗೆಯಬಾರದು, ಎಣ್ಣೆಯನ್ನು ಡಬ್ಬಿಗೆ ಸುರಿಯಬೇಕು ಎಂದು ಷರತ್ತಿನಲ್ಲೂ ಬರೆಯಿರಿ, ಪಾತ್ರೆ ತೊಳೆಯುವ ಜಾಗದ ಗೋಡೆ ಮೇಲೂ ಬರೆಸಿ. ಅಲ್ಲಿ ತೊಳೆಯುವವರು ರಸೀದಿ ಓದಿರುವುದಿಲ್ಲ.

ಕೊನೆಯ ಸಾಲಾಗಿ ‘ಎರಡು ಭಾಷೆಯಲ್ಲಿ ವ್ಯತ್ಯಾಸ ಬಂದರೆ ಕನ್ನಡದ್ದೇ ಅಂತಿಮ’ ಎಂದು ಎರಡೂ ಕಡೆ ಹಾಕಿ. ನಿಮ್ಮ ಪಾರ್ಟಿಗಳಲ್ಲಿ ಹೆಚ್ಚಿನವರು ಓದುವುದು ಅದನ್ನೇ. ಎರಡು ಭಾಷೆಗೂ ಒಂದೇ ಕ್ರಮಸಂಖ್ಯೆ ಇರಲಿ, ಎದುರುಬದುರು ಅಚ್ಚಾಗಲಿ. ಆಂಧ್ರದ ಕಡೆಯಿಂದ ಬರುವ ತೆಲುಗಿನವರಿಗೆ ಎರಡೂ ಓದಲು ಬಾರದಿದ್ದರೆ ತೆಲುಗಿನಲ್ಲಿ ಓದಿ ಹೇಳಿ, ‘ಓದಿ ಹೇಳಲಾಗಿದೆ’ ಎಂದು ಬರೆದು ಸಹಿ ಹಾಕಿಸಿ.

ಹೊಸ ರಸೀದಿ ಅಚ್ಚಾದ ಮೇಲೆ ಅದನ್ನು ಹಳೆ ಬುಕಿಂಗ್‌ಗಳ ಮೇಲೆ ಹೇರಬೇಡಿ. ಅವರು ಒಪ್ಪಿದ್ದು ಹಳೆಯ ಷರತ್ತು. ಬಾಕಿ ಬಾಡಿಗೆ ಕಟ್ಟಲು ಬಂದಾಗ ಹೊಸ ಹಾಳೆ ಕೊಟ್ಟು ಓದಿಸಿ, ಒಪ್ಪಿದರೆ ಸಹಿ ತಗೊಳ್ಳಿ. ಒಪ್ಪದಿದ್ದರೆ ಆ ಮದುವೆ ಹಳೆಯದರಲ್ಲೇ ನಡೆಯಲಿ. ಮತ್ತು ಈ ಪಾರ್ಟಿಗೆ 19,800 ರೂಪಾಯಿಯನ್ನು ಬ್ಯಾಂಕ್ ಮೂಲಕವೇ ಹಾಕಿ, ಪೇಂಟರ್ ಬಿಲ್ ಮತ್ತು ಗಟಾರದ ಬಿಲ್ ಎರಡರ ಫೋಟೋ ಜತೆಗೆ ಕಳಿಸಿ.